ಒಂದು ಹಿಡಿ ಉಪ್ಪಿನಿಂದ ಕಂದಾಯದವರೆಗೆ: 1930ರ ಚಳವಳಿ ಬೆಳೆದದ್ದು ಹೇಗೆ?

ಶಾಲೆಯಲ್ಲಿ ಓದಿದ್ದು ಎಲ್ಲರಿಗೂ ನೆನಪಿದೆ. ಗಾಂಧೀಜಿ ದಂಡಿಗೆ ನಡೆದರು, ಹಿಡಿ ಉಪ್ಪು ಎತ್ತಿದರು, ದೇಶವೇ ಎದ್ದಿತು. ಆದರೆ ದಾವಣಗೆರೆಯಿಂದ ತುಂಗಭದ್ರಾ ಹೊಳೆ ದಾಟಿ ಹಿರೇಕೆರೂರಿನ ಕಡೆ ಹೋದರೆ, ಅದೇ ಚಳವಳಿಯಲ್ಲಿ ಹೊಲ ಕಳೆದುಕೊಂಡ ರೈತರ ಕಥೆ ಸಿಗುತ್ತದೆ. ಸಮುದ್ರ ಅಲ್ಲಿಂದ ಎಷ್ಟೋ ದೂರ. ಉಪ್ಪಿನ ಜಗಳ ಹೊಲದವರೆಗೆ ಬಂದದ್ದು ಹೇಗೆ? ಮಧ್ಯದ ಈ ಭಾಗವನ್ನು ಪಾಠದಲ್ಲಿ ಹಾರಿಸಿಬಿಡುತ್ತಾರೆ.

ಹಿಂದಿನದನ್ನು ಬೇಗ ಮುಗಿಸೋಣ. ಕಂಪನಿ ಕಾಲದಿಂದಲೂ ಉಪ್ಪಿನ ಮೇಲೆ ತೆರಿಗೆ ಇತ್ತು, 1882ರ ಕಾಯ್ದೆ ಬಂದಮೇಲೆ ಉಪ್ಪು ತಯಾರಿಸುವುದೇ ಸರ್ಕಾರದ ಹಕ್ಕಾಯಿತು. 1923ರಲ್ಲಿ ತೆರಿಗೆಯನ್ನು ದುಪ್ಪಟ್ಟು ಮಾಡಿ, ಮರುವರ್ಷವೇ ಇಳಿಸಿದರು. 1930ರ ಹೊತ್ತಿಗೆ ಒಂದು ಮಣಕ್ಕೆ, ಅಂದರೆ ಸುಮಾರು 37 ಕಿಲೋಗೆ, 1 ರೂಪಾಯಿ 4 ಆಣೆ. ಐದು ಜನರ ಮನೆಗೆ ವರ್ಷಕ್ಕೆ 25 ಕಿಲೋ ಉಪ್ಪು ಬೇಕು ಅಂತ ಇಟ್ಟುಕೊಂಡರೆ, ಸುಮಾರು 13 ಆಣೆ ಬರೀ ತೆರಿಗೆಗೆ ಹೋಗುತ್ತಿತ್ತು. ಸಾಹುಕಾರನ ಮನೆಗೂ ಅಷ್ಟೇ, ಕೂಲಿಯವನ ಮನೆಗೂ ಅಷ್ಟೇ. ಬಿಸಿಲಲ್ಲಿ ಬೆವರು ಸುರಿಸುವ ಕೂಲಿಯವನಿಗೆ ಉಪ್ಪು ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು ಅಲ್ವಾ.

ಮೊತ್ತ ನೋಡಿದರೆ ಇದು ದೊಡ್ಡ ತೆರಿಗೆ ಅಲ್ಲ. ಹಾಗಾಗಿಯೇ ಕಾಂಗ್ರೆಸ್ಸಿನ ಒಳಗೂ ಹಲವರಿಗೆ ಇದು ಸಪ್ಪೆ ವಿಷಯ ಅನ್ನಿಸಿತ್ತು. ವೈಸ್‌ರಾಯ್ ಇರ್ವಿನ್ ಕೂಡ ತನಗೇನೂ ನಿದ್ದೆ ಕೆಟ್ಟಿಲ್ಲ ಎಂಬ ಅರ್ಥದಲ್ಲಿ ಲಂಡನ್ನಿಗೆ ಬರೆದಿದ್ದರು. ಅವರಿಗೆ ಹೊಳೆಯದೇ ಹೋದದ್ದು ಒಂದಿತ್ತು. ಉಪ್ಪಿನ ಕಾಯ್ದೆಯಷ್ಟು ಸುಲಭವಾಗಿ ಮುರಿಯಬಹುದಾದ ಕಾಯ್ದೆ ಬೇರೆ ಇರಲಿಲ್ಲ. ಉಪ್ಪು ಮಣ್ಣನ್ನು ನೀರಲ್ಲಿ ಕದಡಬೇಕು, ಮಣ್ಣು ತಳಕ್ಕೆ ಕೂತಮೇಲೆ ತಿಳಿನೀರನ್ನು ಬಸಿದುಕೊಳ್ಳಬೇಕು, ಒಲೆಯ ಮೇಲಿಟ್ಟು ಕುದಿಸಬೇಕು. ನೀರು ಇಂಗಿದಾಗ ತಳದಲ್ಲಿ ಉಳಿಯುವುದೇ ಅಪರಾಧದ ಸಾಕ್ಷಿ. ಓದು ಬರಹ ಬೇಡ, ಬಂಡವಾಳ ಬೇಡ, ಹೆಂಗಸರು ಮಕ್ಕಳೂ ಮಾಡಬಹುದು. ಪೊಲೀಸರು ಬಂದು ಮಡಕೆ ಒಡೆದರೆ ನಾಳೆ ಇನ್ನೊಂದು ಮಡಕೆ.

ಮಾರ್ಚ್ 12ರಂದು ಗಾಂಧೀಜಿ 78 ಜನರೊಂದಿಗೆ ಸಾಬರಮತಿಯಿಂದ ಹೊರಟರು. ಅವರಲ್ಲಿ ಕರ್ನಾಟಕದವನು ಒಬ್ಬನೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಆಗಿನ್ನೂ 18ರ ಹುಡುಗ. ನಮ್ಮ ಹರಿಹರದ ಸೇತುವೆ ದಾಟಿ, ರಾಣೇಬೆನ್ನೂರು ಕಳೆದು, ಹಾವೇರಿ ದಾರಿಯಲ್ಲಿ ಸಿಗುವ ಊರು ಅದು. ಸುಮಾರು 385 ಕಿಲೋಮೀಟರ್ ನಡೆದು ಏಪ್ರಿಲ್ 6ರಂದು ದಂಡಿಯಲ್ಲಿ ಕಾಯ್ದೆ ಮುರಿದರು. ಒಂದೇ ವಾರದಲ್ಲಿ, ಏಪ್ರಿಲ್ 13ಕ್ಕೆ, ನಮ್ಮ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ತಯಾರಾಯಿತು. ಮಂಗಳೂರಲ್ಲಿ ಕಾರ್ನಾಡ ಸದಾಶಿವರಾಯರು ಮುಂದೆ ನಿಂತರು. ಹೀಗೆ ಮಾಡಿದ ಉಪ್ಪನ್ನು ಪೊಟ್ಟಣ ಕಟ್ಟಿ ಹರಾಜು ಹಾಕುತ್ತಿದ್ದರು. ಕೊಂಡವನೂ ಕಾಯ್ದೆ ಮುರಿದ ಹಾಗೆಯೇ. ಕಡಲ ತೀರದಲ್ಲಿ ಮಾಡಿದ ತಪ್ಪು ಪೊಟ್ಟಣದ ಜೊತೆ ಒಳನಾಡಿನ ಸಂತೆಗೂ ಬಂತು.

ಇಲ್ಲಿವರೆಗಿನದು ಗೊತ್ತಿರುವ ಕಥೆ. ತಿರುವು ಬಂದದ್ದು ಮೇ ತಿಂಗಳಲ್ಲಿ. ಮೇ 5ರಂದು ಗಾಂಧೀಜಿಯ ಬಂಧನವಾಯಿತು. ಇನ್ನೊಂದು ಕಡೆ ಮಳೆಗಾಲ ಹತ್ತಿರ ಬಂತು. ಮಳೆ ಹಿಡಿದರೆ ತೀರದಲ್ಲಿ ಉಪ್ಪು ಕಟ್ಟುವುದಿಲ್ಲ, ಉಪ್ಪು ಮಣ್ಣೆಲ್ಲ ಕೊಚ್ಚಿ ಹೋಗುತ್ತದೆ. ಚಳವಳಿ ಉಪ್ಪನ್ನೇ ನಂಬಿ ಕೂತಿದ್ದರೆ ಜೂನ್ ಹೊತ್ತಿಗೆ ತಣ್ಣಗಾಗುತ್ತಿತ್ತು. ಆ ಮೇ ತಿಂಗಳಲ್ಲೇ ಕಾಂಗ್ರೆಸ್ ಕಾರ್ಯಸಮಿತಿ ಪಟ್ಟಿಯನ್ನು ಉದ್ದ ಮಾಡಿತು. ರೈತರೇ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ರೈತವಾರಿ ಪ್ರದೇಶಗಳಲ್ಲಿ ಕಂದಾಯ ಕೊಡಬೇಡಿ, ಅರಣ್ಯ ಕಾನೂನು ಮುರಿಯಿರಿ, ವಿದೇಶಿ ಬಟ್ಟೆ ಬಿಡಿ, ಹೆಂಡದಂಗಡಿ ಮುಂದೆ ಪಿಕೆಟಿಂಗ್ ಮಾಡಿ. ನನ್ನ ಲೆಕ್ಕದಲ್ಲಿ ದಂಡಿಗಿಂತ ಈ ತೀರ್ಮಾನವೇ ದೊಡ್ಡದು. ಸಮುದ್ರ ಇಲ್ಲದ ಊರಿಗೂ ಮುರಿಯಲು ಒಂದು ಕಾಯ್ದೆ ಸಿಕ್ಕಿತು.

ಅದೂ ಎಂಥ ಹೊತ್ತಲ್ಲಿ! ಜಗತ್ತಿನ ಮಾರುಕಟ್ಟೆ ಕುಸಿದು ಹತ್ತಿಯ ಧಾರಣೆ ಬಿದ್ದಿತ್ತು. ಕಂದಾಯ ಮಾತ್ರ ಹಿಂದಿನ ಸರ್ವೆಯಲ್ಲಿ ರೂಪಾಯಿ ಲೆಕ್ಕದಲ್ಲಿ ನಿಗದಿಯಾದದ್ದು, ಅದು ಇಳಿಯುವುದಿಲ್ಲ. ಮೊದಲು ಒಂದು ಚೀಲ ಮಾರಿ ಕಟ್ಟುತ್ತಿದ್ದವನು ಈಗ ಅದೇ ಕಂದಾಯಕ್ಕೆ ಇನ್ನೂ ಜಾಸ್ತಿ ಚೀಲ ಮಾರಬೇಕು. ಹತ್ತಿ ಬೆಳೆಯುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪಿನಲ್ಲಿ 13 ಆಣೆಯ ಸಿಟ್ಟು ಇತ್ತು, ಇಲ್ಲಿ ಹೊಟ್ಟೆಯದೇ ಪ್ರಶ್ನೆ.

ಅಂಕೋಲೆ, ಸಿದ್ದಾಪುರ, ಹಿರೇಕೆರೂರು ತಾಲೂಕುಗಳಲ್ಲಿ ಕರನಿರಾಕರಣೆ ನಡೆದದ್ದು ಹೀಗೆ. ಆದರೆ ಉಪ್ಪಿಗೂ ಇದಕ್ಕೂ ಒಂದು ವ್ಯತ್ಯಾಸ ಇತ್ತು. ಉಪ್ಪು ಮಾಡಿದರೆ ಕೆಲವು ತಿಂಗಳ ಜೈಲು, ಬಿಡುಗಡೆ, ಮನೆಗೆ ವಾಪಸ್. ಕಂದಾಯ ನಿಲ್ಲಿಸಿದರೆ ಮೊದಲು ನೋಟಿಸು, ಆಮೇಲೆ ಪಾತ್ರೆ ದನ ಜಪ್ತಿ, ಕೊನೆಗೆ ಜಮೀನೇ ಮುಟ್ಟುಗೋಲು, ಹರಾಜು. ಊರಿನವರು ಕೂಗಲಿಲ್ಲ ಅಂದರೆ ಹೊರಗಿನವರಿಗೆ ಸಿಕ್ಕಷ್ಟಕ್ಕೆ ಕೊಟ್ಟುಬಿಡುತ್ತಿದ್ದರು. ಭಾಷಣ ಮಾಡಿದವರ ಹೆಸರು ಪುಸ್ತಕದಲ್ಲಿದೆ, ಹೊಲ ಹೋದವರ ಹೆಸರು ಊರಿನವರ ಬಾಯಲ್ಲಿ ಮಾತ್ರ.

ಹೊಳೆಯ ಈಚೆ ದಡದ ಕಥೆ ಬೇರೆ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲಿ, ಮೈಸೂರು ಮಹಾರಾಜರ ರಾಜ್ಯದಲ್ಲಿ. ಸಂಸ್ಥಾನಗಳ ಒಳಗೆ ಚಳವಳಿ ಬೇಡ ಅನ್ನುವುದು ಆಗಿನ ಕಾಂಗ್ರೆಸ್ ನೀತಿ, ಹೀಗಾಗಿ ಇಲ್ಲಿಯ ಹುಡುಗರು ಬ್ರಿಟಿಷ್ ಕರ್ನಾಟಕದ ಊರುಗಳಿಗೆ ಹೋಗಿ ಜೈಲು ಸೇರುತ್ತಿದ್ದರು. ಹಾಗಂತ ಉಪ್ಪಿನ ಕಾನೂನು ಇಲ್ಲಿಗೆ ತಟ್ಟಿರಲಿಲ್ಲ ಅಂತಲ್ಲ. ಸೌಳು ಮಣ್ಣು ತೊಳೆದು ಉಪ್ಪು ತೆಗೆಯುವುದು ನಮ್ಮ ಕಡೆಯ ಉಪ್ಪಾರರ ಹಳೇ ಕಸುಬು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗ, ಉಪ್ಪು ತಯಾರಿಕೆಯನ್ನು ತಾವು ಹೇಳಿದಾಗ ನಿಲ್ಲಿಸಬೇಕು ಅಥವಾ ಮಿತಿಗೊಳಿಸಬೇಕು ಅಂತ ಷರತ್ತನ್ನೇ ಬರೆಸಿಕೊಂಡಿದ್ದರು. ರಾಜ್ಯ ಕೊಟ್ಟರು, ಉಪ್ಪಿನ ಜುಟ್ಟು ಮಾತ್ರ ಕೈಯಲ್ಲೇ ಇಟ್ಟುಕೊಂಡರು.

ಮೈಸೂರಿಗೆ ಸತ್ಯಾಗ್ರಹ ದೊಡ್ಡದಾಗಿ ಬಂದದ್ದು 1938ರ ಶಿವಪುರದ ಧ್ವಜ ಸತ್ಯಾಗ್ರಹದ ನಂತರ. ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ 1939ರಲ್ಲಿ ಜನ ಈಚಲ ಮರ ಕಡಿದರು. ಸಮುದ್ರ ಇಲ್ಲ, ಈಚಲು ಇದೆ. ಹೆಂಡದ ಗುತ್ತಿಗೆಯಿಂದ ಖಜಾನೆಗೆ ಹಣ ಬರುತ್ತಿತ್ತು, ಮರ ಬಿದ್ದರೆ ಆ ಹಣವೂ ನಿಲ್ಲುತ್ತದೆ. ಕಾಯ್ದೆ ಬಹಿರಂಗವಾಗಿ ಮುರಿಯುವುದು, ಆದಾಯಕ್ಕೆ ಪೆಟ್ಟು ಕೊಡುವುದು, ಓಡದೆ ಜೈಲಿಗೆ ಹೋಗುವುದು, ಎಲ್ಲವೂ 1930ರ ಪಾಠವೇ. ಎಸ್. ನಿಜಲಿಂಗಪ್ಪನವರು ಇದರಲ್ಲೇ ಜೈಲಿಗೆ ಹೋದರು.

ಮತ್ತೆ ಹೊಳೆಯ ಆಚೆಗೆ ಬರೋಣ. 1930-31ರಲ್ಲಿ 60 ಸಾವಿರಕ್ಕೂ ಹೆಚ್ಚು ಜನ ಜೈಲು ಸೇರಿದ ಮೇಲೆ, 1931ರ ಮಾರ್ಚ್ 5ಕ್ಕೆ ಗಾಂಧಿ-ಇರ್ವಿನ್ ಒಪ್ಪಂದವಾಯಿತು. ಕಡಲ ತೀರದ ಹಳ್ಳಿಯವರು ಸ್ವಂತಕ್ಕೆ ಮತ್ತು ಊರೊಳಗೆ ಮಾರುವುದಕ್ಕೆ ಉಪ್ಪು ಮಾಡಬಹುದು ಅಂತಾಯಿತು. ತೆರಿಗೆ ಹೋಗಲಿಲ್ಲ. ಮುಟ್ಟುಗೋಲಾದ ಜಮೀನಿನ ಬಗ್ಗೆಯೂ ಒಂದು ಸಾಲಿತ್ತು. ಸರ್ಕಾರದ ಕೈಯಲ್ಲೇ ಇದ್ದರೆ ವಾಪಸ್, ಬೇರೆಯವರಿಗೆ ಮಾರಿಬಿಟ್ಟಿದ್ದರೆ ಇಲ್ಲ. ಈ ಒಂದು ಸಾಲು ಎಷ್ಟು ಮನೆಗಳ ಲೆಕ್ಕ ತಪ್ಪಿಸಿತು ಅನ್ನುವುದು ದೆಹಲಿಯಲ್ಲಿ ಕೂತು ಬರೆದವರಿಗೆ ಕಂಡಿರಲಾರದು. 1932ರಲ್ಲಿ ಚಳವಳಿ ಮತ್ತೆ ಎದ್ದಾಗ ಇನ್ನಷ್ಟು ಹೊಲಗಳು ಹೋದವು. ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದು 1938ರಲ್ಲಿ ಜಮೀನು ಮರಳಿಸುವ ಕಾಯ್ದೆ ಮಾಡುವವರೆಗೆ ಹಿರೇಕೆರೂರಿನ ಆ ರೈತರು ಕಾಯಬೇಕಾಯಿತು. ಉಪ್ಪಿನ ತೆರಿಗೆ ರದ್ದಾಗಿದ್ದು ಇನ್ನೂ ತಡವಾಗಿ, 1947ರಲ್ಲಿ.