‘ಏಷ್ಯನ್’ ಅಂದರೆ ಯಾರ ಸಕ್ಕರೆ ಕಾಯಿಲೆ?

ಅಮೆರಿಕದ ಆರೋಗ್ಯ ಸಮೀಕ್ಷೆಗಳ ಅಂಕಿಅಂಶಗಳ ಜೊತೆ ನಾನು ಕೆಲಸ ಮಾಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಎರಡು ಲೆಕ್ಕಗಳ ಮುಂದೆ ತಪ್ಪದೆ ನಿಲ್ಲುತ್ತಾರೆ. 2017–18ರಲ್ಲಿ ಅಲ್ಲಿನ ವಯಸ್ಕರಲ್ಲಿ ಶೇ 42.4 ಮಂದಿಗೆ ಬೊಜ್ಜು ಇತ್ತು. ‘ಏಷ್ಯನ್’ ಎಂದು ಗುರುತಿಸಿಕೊಂಡವರಲ್ಲಿ ಅದು ಶೇ 17.4 ಮಾತ್ರ. ಎಲ್ಲ ಗುಂಪುಗಳಿಗಿಂತ ಕಡಿಮೆ. ಹಾಗಾದರೆ ಅವರಲ್ಲಿ ಸಕ್ಕರೆ ಕಾಯಿಲೆಯೂ ಕಡಿಮೆ ಇರಬೇಕು, ಅಲ್ವಾ? ಇಲ್ಲ. 2011ರಿಂದ 2016ರ ಲೆಕ್ಕ ತೆಗೆದರೆ ಬಿಳಿಯರಲ್ಲಿ ಶೇ 12.1, ಏಷ್ಯನ್ನರಲ್ಲಿ ಶೇ 19.1. ವಯಸ್ಸು ಮತ್ತು ಲಿಂಗದ ವ್ಯತ್ಯಾಸವನ್ನು ಸರಿಹೊಂದಿಸಿದ ಮೇಲೆ ಬಂದ ಸಂಖ್ಯೆಗಳಿವು.

ಎರಡೂ ಒಂದೇ ಸಮೀಕ್ಷೆಯಿಂದ ಬಂದವು. ಅದರ ಹೆಸರು ಎನ್‌ಹೇನ್ಸ್. ಸಮೀಕ್ಷೆಯವರು ಮನೆಗೆ ಹೋಗಿ ಪ್ರಶ್ನೆ ಕೇಳುತ್ತಾರೆ. ಆಮೇಲೆ ಊರೂರಿಗೆ ಸಾಗುವ ತಪಾಸಣಾ ಕೇಂದ್ರದಲ್ಲಿ ಎತ್ತರ, ತೂಕ ಅಳೆದು ರಕ್ತ ತೆಗೆಯುತ್ತಾರೆ. ಹಾಗಾಗಿ ತನಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತೇ ಇಲ್ಲದವರೂ ಲೆಕ್ಕಕ್ಕೆ ಸಿಗುತ್ತಾರೆ. ಇದು ಸಣ್ಣ ವಿಷಯ ಅಲ್ಲ. ಪತ್ತೆಯಾಗದ ಕಾಯಿಲೆ ಬಿಳಿಯರಲ್ಲಿ ಶೇ 3.9 ಇದ್ದರೆ ಏಷ್ಯನ್ನರಲ್ಲಿ ಶೇ 7.5 ಇತ್ತು. ಬರೀ ‘ನಿಮಗೆ ಶುಗರ್ ಇದೆಯಾ’ ಎಂದು ಕೇಳುವ ಸಮೀಕ್ಷೆಗೆ ಇವರು ಕಾಣುವುದೇ ಇಲ್ಲ.

ಜನಾಂಗ ಯಾವುದು ಅಂತ ಕೇಳುವುದೇ ತಪ್ಪು ಎನ್ನುವವರಿದ್ದಾರೆ. ಅವರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಕೇಳದೇ ಇದ್ದಾಗ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ಇದೇ ಎನ್‌ಹೇನ್ಸ್‌ನ ಹಳೆಯ ಫೈಲುಗಳಲ್ಲಿದೆ. ಅಲ್ಲಿ RIDRETH1 ಎಂಬ ಕಾಲಂ ಇದೆ. ಅದರಲ್ಲಿ 1ರಿಂದ 5ರವರೆಗೆ ಸಂಕೇತಗಳು. ಏಷ್ಯನ್ನರು, ಮೂಲನಿವಾಸಿಗಳು, ಮಿಶ್ರ ಮೂಲದವರು ಎಲ್ಲರೂ 5ರಲ್ಲಿ, ಅಂದರೆ ‘ಇತರೆ’ಯಲ್ಲಿ. ಆ ಫೈಲಿನಿಂದ ಏಷ್ಯನ್ನರ ಸಕ್ಕರೆ ಕಾಯಿಲೆ ಎಷ್ಟು ಎಂದು ಹೇಳಲು ದಾರಿಯೇ ಇರಲಿಲ್ಲ. ಸಮೀಕ್ಷೆ ವರ್ಷಕ್ಕೆ ಪರೀಕ್ಷಿಸುವುದು ಸುಮಾರು 5,000 ಜನರನ್ನು. ಅದರಲ್ಲಿ ಏಷ್ಯನ್ನರು ಸಹಜವಾಗಿ ಸಿಗುವುದು ಕೆಲವು ನೂರು ಅಷ್ಟೆ. 2011ರಿಂದ ಅವರ ಪಾಲಿಗಿಂತ ಜಾಸ್ತಿ ಜನರನ್ನು ಬೇಕೆಂದೇ ಆರಿಸತೊಡಗಿದರು. RIDRETH3 ಎಂಬ ಹೊಸ ಕಾಲಂ ಬಂತು, ಅದರಲ್ಲಿ ಏಷ್ಯನ್ನರಿಗೆ 6 ಎಂಬ ಸ್ವಂತ ಸಂಕೇತ ಸಿಕ್ಕಿತು. ಮೇಲಿನ ಶೇ 19.1 ಕಂಡಿದ್ದು ಆಮೇಲೆ.

ಹೀಗೆ ಗುಂಪು ಮಾಡುವ ನಿಯಮ ವೈದ್ಯರದ್ದಲ್ಲ. ಅಮೆರಿಕ ಸರ್ಕಾರದ ಬಜೆಟ್ ಕಚೇರಿ 1977ರಲ್ಲಿ ಹೊರಡಿಸಿದ 15ನೇ ನಿರ್ದೇಶನ ಅದು. ಶಾಲೆ, ಕೆಲಸ, ಮನೆ, ಆಸ್ಪತ್ರೆ ಇವುಗಳಲ್ಲಿ ಯಾರಿಗೆ ಅನ್ಯಾಯ ಆಗುತ್ತಿದೆ ಎಂದು ತಿಳಿಯಲು ಎಲ್ಲ ಇಲಾಖೆಗಳೂ ಒಂದೇ ತರಹ ಲೆಕ್ಕ ಇಡಬೇಕಿತ್ತು. ಈ ವಿಂಗಡಣೆಯನ್ನು ವೈಜ್ಞಾನಿಕ ಎಂದು ತಿಳಿಯಬೇಡಿ ಎಂದು ಆ ನಿರ್ದೇಶನವೇ ಹೇಳುತ್ತದೆ. ವೈದ್ಯಕೀಯ ಲೇಖನಗಳಲ್ಲಿ ಈ ಮಾತು ಸುಲಭವಾಗಿ ಮರೆತು ಹೋಗುತ್ತದೆ.

ಈಗ ಸಂಕೇತ 6ರ ಒಳಗೆ ಇಣುಕೋಣ. ಅದೇ 2011–16ರ ಮಾಹಿತಿಯನ್ನು ಒಡೆದು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಪೂರ್ವ ಏಷ್ಯಾ ಮೂಲದವರಲ್ಲಿ ಸಕ್ಕರೆ ಕಾಯಿಲೆ ಶೇ 14.0. ದಕ್ಷಿಣ ಏಷ್ಯಾ ಮೂಲದವರಲ್ಲಿ, ಅಂದರೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದಂಥ ಕಡೆಯವರಲ್ಲಿ, ಶೇ 23.3. ಆಗ್ನೇಯ ಏಷ್ಯಾದವರಲ್ಲಿ ಶೇ 22.4. ಶೇ 19.1 ಎಂಬುದು ಈ ಮೂವರಲ್ಲಿ ಯಾರದ್ದೂ ಅಲ್ಲ! ‘ಹಿಸ್ಪಾನಿಕ್’ ಗುಂಪಿನದೂ ಇದೇ ಕತೆ: ಒಟ್ಟು ಶೇ 22.1, ಆದರೆ ಮೆಕ್ಸಿಕೊ ಮೂಲದವರಲ್ಲಿ ಶೇ 24.6, ದಕ್ಷಿಣ ಅಮೆರಿಕ ಮೂಲದವರಲ್ಲಿ ಶೇ 12.3.

ಸರಾಸರಿ ಒರಟಾಗಿದೆ ಎನ್ನುವುದಷ್ಟೇ ತೊಂದರೆಯಲ್ಲ. ಅದು ಇಲ್ಲದ ಬದಲಾವಣೆಯನ್ನೂ ತೋರಿಸಬಲ್ಲದು. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ. ಒಂದು ನಗರದಲ್ಲಿ 1,000 ಏಷ್ಯನ್ನರು. 800 ಮಂದಿ ಪೂರ್ವ ಏಷ್ಯಾದವರು, 200 ಮಂದಿ ದಕ್ಷಿಣ ಏಷ್ಯಾದವರು. ಕಾಯಿಲೆಯ ಪ್ರಮಾಣ ಶೇ 14 ಮತ್ತು ಶೇ 23 ಎಂದುಕೊಳ್ಳಿ. ಮೊದಲನೆಯವರಲ್ಲಿ 112, ಎರಡನೆಯವರಲ್ಲಿ 46, ಒಟ್ಟು 158. ಅಂದರೆ ಶೇ 15.8. ಇನ್ನೊಂದು ನಗರದಲ್ಲಿ 300 ಮತ್ತು 700 ಮಂದಿ ಇದ್ದರೆ 42ಕ್ಕೆ 161 ಕೂಡಿ 203, ಶೇ 20.3. ಎರಡೂ ಕಡೆ ಯಾರ ಅಪಾಯವೂ ಚೂರೂ ಬೇರೆಯಿಲ್ಲ. ಆದರೂ ವರದಿ ಓದಿದವರು ಎರಡನೇ ನಗರದಲ್ಲಿ ಏನೋ ಕೆಟ್ಟಿದೆ ಎಂದು ಹುಡುಕಲು ಹೊರಡುತ್ತಾರೆ. ನಗರಗಳ ಬದಲು 2 ವರ್ಷಗಳನ್ನು ಇಟ್ಟು ನೋಡಿ. ವಲಸೆಯ ಪಾಲು ಬದಲಾಗಿದ್ದೇ ‘ಏಷ್ಯನ್ನರಲ್ಲಿ ಸಕ್ಕರೆ ಕಾಯಿಲೆ ಏರುತ್ತಿದೆ’ ಎಂಬ ಸುದ್ದಿಯಾಗುತ್ತದೆ. ಇದನ್ನು ಹಿಡಿಯಲು ಒಂದು ದಾರಿ ಇದೆ. ಒಳಗುಂಪುಗಳ ಪಾಲನ್ನು ಒಂದೇ ಮಟ್ಟದಲ್ಲಿಟ್ಟು ಮತ್ತೆ ಲೆಕ್ಕ ಹಾಕಬೇಕು. ವ್ಯತ್ಯಾಸ ಕರಗಿ ಹೋದರೆ ಬದಲಾಗಿದ್ದು ಜನರ ಮಿಶ್ರಣ, ಕಾಯಿಲೆ ಅಲ್ಲ.

ಮೊದಲಿನ ಒಗಟಿಗೆ ಬರೋಣ. ಬೊಜ್ಜನ್ನು ಅಳೆಯುವುದು ಬಿಎಂಐನಿಂದ: ಕೆ.ಜಿ.ಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ. 30 ಮುಟ್ಟಿದರೆ ಬೊಜ್ಜು. ಏಷ್ಯಾ ಮೂಲದ ಅನೇಕರಲ್ಲಿ, ಮುಖ್ಯವಾಗಿ ದಕ್ಷಿಣ ಏಷ್ಯಾದವರಲ್ಲಿ, ಅದೇ ಬಿಎಂಐಗೆ ಕೊಬ್ಬಿನ ಅಂಶ ಜಾಸ್ತಿ, ಅದೂ ಹೊಟ್ಟೆಯ ಭಾಗದಲ್ಲಿ. ಹೀಗಾಗಿ 30 ತಲುಪುವ ಎಷ್ಟೋ ಮೊದಲೇ ಕಾಯಿಲೆ ಬಂದಿರುತ್ತದೆ. 2015ರಲ್ಲಿ ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ಏಷ್ಯನ್ನರಿಗೆ ಪರೀಕ್ಷೆಯ ಗೆರೆಯನ್ನು 25ರಿಂದ 23ಕ್ಕೆ ಇಳಿಸಿತು. 165 ಸೆಂ.ಮೀ. ಎತ್ತರ, 65 ಕೆ.ಜಿ. ತೂಕದ ಹೆಂಗಸನ್ನು ನೆನೆಯಿರಿ. ಬಿಎಂಐ 23.9. ಹಳೆಯ ಗೆರೆಯಲ್ಲಿ ತೂಕದ ಕಾರಣಕ್ಕೆ ಆಕೆಗೆ ಯಾರೂ ರಕ್ತ ಪರೀಕ್ಷೆ ಬರೆಯುತ್ತಿರಲಿಲ್ಲ. ಈಗ ಬರೆಯುತ್ತಾರೆ. ಇಲ್ಲಿ ಆ ಹಣೆಪಟ್ಟಿ ನಿಜಕ್ಕೂ ಉಪಕಾರ ಮಾಡಿದೆ.

ಆದರೆ ಅದೇ ಹಣೆಪಟ್ಟಿ ನೋಡಿ ಕಾರಣವನ್ನೂ ತೀರ್ಮಾನಿಸಿಬಿಡುವುದು ನನಗೆ ಭಯ ಹುಟ್ಟಿಸುತ್ತದೆ. ‘ಏಷ್ಯನ್ನರ ಜೀನ್‌ನಲ್ಲೇ ಇದೆ’ ಎಂಬ ಸಾಲು ಓದಿದಾಗಲೆಲ್ಲ ನಾನು ಕೇಳುವುದು ಇಷ್ಟು. ಇವರು ಅಮೆರಿಕಕ್ಕೆ ಬಂದು ಎಷ್ಟು ವರ್ಷವಾಯಿತು? ವೀಸಾ ಮೇಲೆ ಬಂದ ಇಂಜಿನಿಯರಾ, ನಿರಾಶ್ರಿತರಾಗಿ ಬಂದವರಾ? ವಿಮೆ ಇದೆಯಾ? ಭಾಷೆ ತಿಳಿಯುವ ವೈದ್ಯರು ಹತ್ತಿರ ಇದ್ದಾರಾ? ಅರ್ಜಿಯಲ್ಲಿ ‘ಏಷ್ಯನ್’ ಎಂಬ ಚೌಕಕ್ಕೆ ಗುರುತು ಹಾಕಿದ ಮಾತ್ರಕ್ಕೆ ಇದ್ಯಾವುದೂ ತಿಳಿಯುವುದಿಲ್ಲ. ವ್ಯತ್ಯಾಸ ಎಲ್ಲಿದೆ ಎಂದು ಅದು ತೋರಿಸುತ್ತದೆ. ಯಾಕಿದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

2024ರ ಮಾರ್ಚ್‌ನಲ್ಲಿ ಬಜೆಟ್ ಕಚೇರಿಯ ಆ 15ನೇ ನಿರ್ದೇಶನ ಬದಲಾಯಿತು. ಇನ್ನು ‘ಏಷ್ಯನ್’ ಕೆಳಗೆ ಚೀನೀ, ಭಾರತೀಯ, ಫಿಲಿಪಿನೊ, ವಿಯೆಟ್ನಾಮಿ, ಕೊರಿಯನ್, ಜಪಾನಿ ಎಂಬ ಒಳಚೌಕಗಳನ್ನು ಸಾಮಾನ್ಯವಾಗಿ ಇಡಲೇಬೇಕು. ಆಗ ಇಲಾಖೆಗಳಿಗೆ 5 ವರ್ಷ ಸಮಯ ಕೊಟ್ಟಿದ್ದರು. ಬಹಳ ಒಳ್ಳೆಯ ಬದಲಾವಣೆ. ಆದರೆ ಚೌಕ ಹೆಚ್ಚಿದರೆ ಜನ ಹೆಚ್ಚುವುದಿಲ್ಲ. ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರದ ನಿಯಮದಂತೆ ಒಂದು ಗುಂಪಿನ ಮಾದರಿ 30ಕ್ಕಿಂತ ಚಿಕ್ಕದಾದರೆ ಶೇಕಡಾವಾರು ಪ್ರಕಟಿಸುವಂತಿಲ್ಲ. ಹಲವು ವರ್ಷಗಳ ಮಾಹಿತಿ ಕೂಡಿಸಿದರೆ ಸಂಖ್ಯೆ ಸಿಗುತ್ತದೆ, ಆದರೆ ಅದು ಆಗಲೇ ಹಳತಾಗಿರುತ್ತದೆ. ಜೊತೆಗೆ ಎನ್‌ಹೇನ್ಸ್‌ನಲ್ಲಿ ಒಳಗುಂಪಿನ ವಿವರ ಎಲ್ಲರಿಗೂ ಸಿಗುವ ಫೈಲಿನಲ್ಲಿ ಇಲ್ಲ. ಜನರ ಗುರುತು ಬಯಲಾಗದಿರಲೆಂದು ಅದನ್ನು ಕಾವಲಿನ ಕೇಂದ್ರದಲ್ಲಿಟ್ಟಿದ್ದಾರೆ, ಅನುಮತಿ ಪಡೆದೇ ನೋಡಬೇಕು. ಒಳಗುಂಪುಗಳಿಂದಲೂ ಬೇಕಾದಷ್ಟು ಜನರನ್ನು ಆರಿಸಲು ಸಮೀಕ್ಷೆಗೆ ಹಣ ಕೊಡದಿದ್ದರೆ, ಹೊಸ ಅರ್ಜಿಯಲ್ಲಿ 6 ಚೌಕಗಳಿದ್ದರೂ ವರದಿಯಲ್ಲಿ ಮತ್ತೆ ‘ಏಷ್ಯನ್’ ಎಂಬ ಒಂದೇ ಸಾಲು ಬರುತ್ತದೆ.