ಎರಡನೇ ಇಮೇಲ್‌ನಲ್ಲಿ ಏನು ಬರೆಯಲಿ?

ಪ್ರಶ್ನೆ: ಪರಿಚಯವಿಲ್ಲದ ಕಂಪನಿಯೊಂದಕ್ಕೆ ನನ್ನ ಸೇವೆಯ ಬಗ್ಗೆ ಇಮೇಲ್ ಬರೆದೆ. ಉತ್ತರ ಬಂದಿಲ್ಲ. ಇನ್ನೂ ಮೂರು ಬಾರಿ ಬರೆಯಬಹುದು ಎನ್ನುತ್ತಾರೆ. ‘ನನ್ನ ಹಿಂದಿನ ಇಮೇಲ್ ನೋಡಿದಿರಾ?’ ಎಂದಲ್ಲದೆ ಬೇರೇನು ಬರೆಯುವುದು?

ಉತ್ತರ: ಇದೇ ಪ್ರಶ್ನೆ ವೇಷ ಬದಲಿಸಿ ಮತ್ತೆ ಮತ್ತೆ ಬರುತ್ತಿದೆ. ಅದರ ಬೆನ್ನಿಗೇ ಒಂದು ಸಮರ್ಥನೆಯೂ ಬರುತ್ತದೆ: ‘ಅವರಿಗೆ ದಿನಕ್ಕೆ ನೂರಾರು ಇಮೇಲ್ ಬರುತ್ತವೆ, ನನ್ನದು ಕೆಳಗೆ ಹೋಗಿರುತ್ತದೆ, ನೆನಪಿಸಿ ಮೇಲಕ್ಕೆ ತಂದರೆ ಸಾಕು.’ ಮೊದಲು ಈ ನಂಬಿಕೆಯನ್ನು ವಿಚಾರಿಸಿಕೊಳ್ಳೋಣ.

ನೆನಪಿಸುವುದರಿಂದ ಪ್ರಯೋಜನವಿರುವುದು ಒಪ್ಪಿಕೊಂಡ ಕೆಲಸವನ್ನು ಮರೆತವರಿಗೆ. ನಿಮ್ಮ ಓದುಗರು ನಿಮಗೆ ಏನನ್ನೂ ಒಪ್ಪಿಕೊಂಡಿಲ್ಲ. ಬಹುಪಾಲು ಅವರು ವಿಷಯದ ಸಾಲನ್ನು ನೋಡಿದ್ದಾರೆ, ಮೊದಲ ಎರಡು ವಾಕ್ಯ ಓದಿದ್ದಾರೆ, ‘ಈಗ ಬೇಡ’ ಎಂದು ಮುಂದೆ ಹೋಗಿದ್ದಾರೆ. ಅದೂ ಒಂದು ತೀರ್ಮಾನವೇ. ಅದನ್ನು ಬದಲಿಸಲು ಹೊಸ ಕಾರಣ ಕೊಡದೆ ಮತ್ತೆ ಕೇಳಿದರೆ, ಹಳೆಯ ತೀರ್ಮಾನವನ್ನೇ ಇನ್ನಷ್ಟು ಬೇಗ ತೆಗೆದುಕೊಳ್ಳುತ್ತಾರೆ. ನಿಜವಾಗಿಯೂ ಇಮೇಲ್ ನೋಡದವರ ಪಾಡೇನು? ಅವರಿಗಂತೂ ‘ಹಿಂದಿನ ಇಮೇಲ್’ ಎಂಬ ಮಾತು ಇನ್ನೂ ನಿಷ್ಪ್ರಯೋಜಕ. ಅದರಲ್ಲಿ ಏನಿತ್ತೆಂದು ಹುಡುಕುವ ಕೆಲಸವನ್ನು ನೀವು ಅವರ ತಲೆಗೆ ಕಟ್ಟುತ್ತಿದ್ದೀರಿ. ನೋಡಿದವರಿಗೂ ನೋಡದವರಿಗೂ ಉಪಯೋಗವಿಲ್ಲದ ಸಂದೇಶ ಇನ್ನು ಯಾರಿಗಾಗಿ?

‘ಅವರು ಮೂರು ಬಾರಿ ತೆರೆದಿದ್ದಾರೆಂದು ನನ್ನ ಟ್ರ್ಯಾಕರ್ ತೋರಿಸುತ್ತಿದೆ, ಆಸಕ್ತಿ ಇದೆ’ ಎನ್ನುವವರೂ ಇದ್ದಾರೆ. ತೆರೆದದ್ದನ್ನು ಅಳೆಯುವುದು ಇಮೇಲ್‌ನಲ್ಲಿ ಅಡಗಿಸಿಟ್ಟ ಒಂದು ಪುಟ್ಟ ಚಿತ್ರದ ಮೂಲಕ. 2021ರಿಂದ ಆಪಲ್‌ನ ಮೇಲ್ ಆ್ಯಪ್‌ನಲ್ಲಿ ಗೌಪ್ಯತೆಯ ರಕ್ಷಣೆ ಆನ್ ಇದ್ದರೆ, ಯಾರೂ ಓದದಿದ್ದರೂ ಆ ಚಿತ್ರ ತಾನಾಗಿಯೇ ಲೋಡ್ ಆಗಬಹುದು. ಆ ಅಂಕಿಯನ್ನು ಆಸಕ್ತಿ ಎಂದು ಓದಬೇಡಿ.

ಹಾಗಾದರೆ ಯೋಜನೆ ಹೇಗೆ? ಮೊದಲನೆಯದನ್ನು ಕಳುಹಿಸುವ ಮುನ್ನವೇ ನಾಲ್ಕನ್ನೂ ಯೋಚಿಸಿ. ಪ್ರತಿಯೊಂದಕ್ಕೂ ಒಂದು ಸಾಲು ಬರೆದಿಟ್ಟುಕೊಳ್ಳಿ: ಇದನ್ನು ಓದಿದ ಮೇಲೆ ಅವರಿಗೆ ಮೊದಲು ಗೊತ್ತಿರದ ಏನು ಗೊತ್ತಾಗುತ್ತದೆ? ಆ ಸಾಲು ಖಾಲಿ ಉಳಿದರೆ ಆ ಇಮೇಲ್ ಇಲ್ಲ.

ನೀವು ಬಳಕೆದಾರರ ಕೈಪಿಡಿ ಬರೆಯುವವರು, ನೀರು ಶುದ್ಧೀಕರಣ ಯಂತ್ರ ತಯಾರಿಸುವ ಕಂಪನಿಯ ಗ್ರಾಹಕ ಸೇವೆಯ ಮುಖ್ಯಸ್ಥರಿಗೆ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಮೊದಲನೆಯದರಲ್ಲಿ ಸಮಸ್ಯೆ: ‘ಫಿಲ್ಟರ್ ಬದಲಿಸಿದರೂ ಕೆಂಪು ದೀಪ ಆರುತ್ತಿಲ್ಲ ಎಂಬ ದೂರು ನಿಮ್ಮ ಸಹಾಯ ಪುಟದಲ್ಲಿ ಪದೇ ಪದೇ ಇದೆ. ಉತ್ತರ ಕೈಪಿಡಿಯ 31ನೇ ಪುಟದಲ್ಲಿ, ಖಾತರಿ ನಿಯಮಗಳ ನಡುವೆ ಹುದುಗಿದೆ.’ ಮೂರು ದಿನ ಬಿಟ್ಟು ಎರಡನೆಯದು. ಅದರಲ್ಲಿ ಆ ಭಾಗವನ್ನು ನೀವೇ ನಾಲ್ಕು ಹಂತಗಳಲ್ಲಿ ಹೊಸದಾಗಿ ಬರೆದು, ಲಗತ್ತಿಸದೆ ಇಮೇಲ್‌ನೊಳಗೇ ಇಡಿ. ಅಪರಿಚಿತರ ಲಗತ್ತನ್ನು ಯಾರೂ ತೆರೆಯುವುದಿಲ್ಲ. ನೀವು ಬಲ್ಲಿರಿ ಎಂಬುದಕ್ಕೆ ಈಗ ಪುರಾವೆ ಅವರ ಕಣ್ಣಮುಂದಿದೆ.

ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ಎರಡನೆಯದನ್ನೇ ಉದ್ದ ಮಾಡಿ ಕಳುಹಿಸುತ್ತಾರೆ. ಇಲ್ಲಿ ದಿಕ್ಕು ಬದಲಾಗಬೇಕು. ಅವರು ಹೇಳದೆ ಉಳಿಸಿಕೊಂಡಿರಬಹುದಾದ ಅಡ್ಡಿಯನ್ನು ಎತ್ತಿಕೊಳ್ಳಿ: ‘ಇಡೀ ಕೈಪಿಡಿಯನ್ನು ಮರುಮುದ್ರಿಸಬೇಕಿಲ್ಲ. ಹೆಚ್ಚು ದೂರು ಬರುವ ಒಂದು ವಿಷಯಕ್ಕೆ ಒಂದು ಹಾಳೆ ಮಾಡಿ, ಕರೆಗಳು ಕಡಿಮೆಯಾದವೇ ಎಂದು ಒಂದು ತಿಂಗಳು ನೋಡಬಹುದು.’ ಇದಕ್ಕೆ ಒಂದು ವಾರದ ಅಂತರವಿರಲಿ. ನಾಲ್ಕನೆಯದು ಚಿಕ್ಕದು, ಇನ್ನೊಂದು ವಾರದ ನಂತರ: ಇದು ಬೇರೆ ವಿಭಾಗದ ಹೊಣೆಯೇ, ಅಥವಾ ಈ ವರ್ಷ ಬೇಡವೇ? ಒಂದು ಪದದ ಉತ್ತರ ಸಾಕು, ಬರದಿದ್ದರೆ ನಾನು ಮತ್ತೆ ಬರೆಯುವುದಿಲ್ಲ. ಹಾಗೆ ಹೇಳಿದ ಮೇಲೆ ನಿಜಕ್ಕೂ ಬರೆಯಬೇಡಿ. ‘ಇದೇ ಕೊನೆಯ ಇಮೇಲ್’ ಎಂದು ಮೂರು ಬಾರಿ ಬರೆಯುವವರನ್ನು ನಾನು ಬಲ್ಲೆ.

ಕಳುಹಿಸುವ ಮುನ್ನ ‘ಹಿಂದೆ ಬರೆದಿದ್ದೆ’ ಎಂಬ ವಾಕ್ಯವನ್ನು ಅಳಿಸಿ ಓದಿ. ಉಳಿದದ್ದು ತನ್ನ ಕಾಲ ಮೇಲೆ ನಿಂತರೆ ಸರಿ. ಉತ್ತರ ಬಂದ ಕ್ಷಣ, ಅದು ‘ಬೇಡ’ ಎಂದಿದ್ದರೂ, ಉಳಿದವನ್ನು ನಿಲ್ಲಿಸಿ. ತಾನಾಗಿ ಕಳುಹಿಸುವ ತಂತ್ರಾಂಶವಿದ್ದರೆ, ಅವರು ಬೇರೆ ವಿಳಾಸದಿಂದ ಉತ್ತರಿಸಿದಾಗ ಅದು ಗುರುತಿಸದೇ ಹೋಗಬಹುದು, ನೀವೇ ಕಣ್ಣಿಡಿ.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಇನ್ನೊಂದು ವಿಷಯ: ನಾಲ್ಕೂ ಒಂದೇ ಸರಣಿಯಲ್ಲಿರಬೇಕೇ? ಎರಡನೆಯದು ಮೊದಲನೆಯದಕ್ಕೆ ಉತ್ತರವಾಗಿಯೇ ಹೋಗಲಿ, ಏಕೆಂದರೆ ಕೆಂಪು ದೀಪದ ಕತೆ ಅದರ ಕೆಳಗೇ ಕಾಣುತ್ತದೆ. ಮೂರನೆಯದಕ್ಕೆ ಹೊಸ ವಿಷಯದ ಸಾಲು ಕೊಡಿ. ಜಿಮೇಲ್‌ನಲ್ಲಿ ವಿಷಯದ ಸಾಲು ಬದಲಾದರೆ ಅದು ಪ್ರತ್ಯೇಕ ಸಂಭಾಷಣೆಯಾಗಿ ಕಾಣಿಸುತ್ತದೆ, ಮೊದಲ ಸಾಲನ್ನು ನೋಡಿ ದಾಟಿಹೋದವರು ಇದನ್ನು ಹೊಸದಾಗಿ ನೋಡುತ್ತಾರೆ. ನಾಲ್ಕನೆಯದು ಆ ಮೂರನೆಯದರ ಅಡಿಯಲ್ಲೇ ಇರಲಿ. ಆದರೆ ಎಂದೂ ನಡೆಯದ ಮಾತುಕತೆಯನ್ನು ನಡೆದಂತೆ ತೋರಿಸಲು ಹೊಸ ಇಮೇಲ್‌ನ ವಿಷಯದ ಮುಂದೆ ಕೈಯಾರೆ `Re:` ಎಂದು ಬರೆಯಬೇಡಿ. ಅದನ್ನು ತೆರೆಯುವವರು ತೆರೆಯುತ್ತಾರೆ, ಮೋಸವೆಂದು ತಿಳಿದ ಕೂಡಲೇ ಸ್ಪ್ಯಾಮ್ ಗುಂಡಿಯನ್ನೂ ಒತ್ತುತ್ತಾರೆ.