ಕತ್ತಲ ಕೋಣೆಯಲ್ಲಿ ಪರದೆಯ ಮೂಲೆ ಬೆಳಗುವುದೇಕೆ?

ರಾತ್ರಿ ಲೈಟು ಆರಿಸಿ ಸಿನಿಮಾ ಹಾಕಿದ್ದೀರಿ. ದೃಶ್ಯ ಪೂರ್ತಿ ಕಪ್ಪಾದಾಗ ಟಿವಿಯ ಮೂಲೆಯಲ್ಲಿ ಬೆಳಕು ಸೋರಿದಂತಿದೆ, ನಡುವೆ ಅಲ್ಲಲ್ಲಿ ಮೋಡ ಕವಿದಂಥ ಬಿಳಿಚು ಮಚ್ಚೆಗಳಿವೆ. ಹೊಸ ಟಿವಿ ತಂದ ಮೊದಲ ವಾರದಲ್ಲೇ ಬಹಳ ಜನ ಇದನ್ನು ಕಂಡು ಸರ್ವಿಸ್ ಸೆಂಟರ್‌ಗೆ ಫೋನ್ ಮಾಡುತ್ತಾರೆ. "ಎಲ್ಲ ಎಲ್‌ಇಡಿ ಟಿವಿಯಲ್ಲೂ ಇರುತ್ತೆ ಸರ್, ನಾರ್ಮಲ್" ಎಂಬ ಉತ್ತರ ಬರುತ್ತದೆ. ಆ ಉತ್ತರ ಅರ್ಧ ನಿಜ. ಅದರಲ್ಲಿ ನಿಜದ ಅರ್ಧ ಯಾವುದು ಎಂದು ಗೊತ್ತಾಗಬೇಕಾದರೆ ಈ ಮಚ್ಚೆ ಎಂದು ಹುಟ್ಟಿಕೊಂಡಿತು, ಏಕೆ ಹೆಚ್ಚಿತು ಎಂದು ನೋಡಬೇಕು.

ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿಗಳಿಗೆ ಈ ದೂರು ಇರಲಿಲ್ಲ. ಅಲ್ಲಿ ಎಲೆಕ್ಟ್ರಾನ್ ಕಿರಣ ಬಡಿದ ಜಾಗದಲ್ಲಷ್ಟೇ ಗಾಜಿನ ಒಳಮೈಯ ಲೇಪ ಹೊಳೆಯುತ್ತಿತ್ತು. ಕಿರಣ ಬಡಿಯದಿದ್ದರೆ ಬೆಳಕೇ ಇಲ್ಲ. ಎಲ್‌ಸಿಡಿ ಹಾಗಲ್ಲ, ಎಲ್‌ಇಡಿ ಟಿವಿ ಎನ್ನುವುದೂ ಎಲ್‌ಇಡಿ ದೀಪವಿರುವ ಎಲ್‌ಸಿಡಿಯೇ. ಎಲ್‌ಸಿಡಿಯ ಹಿಂದೆ ದೀಪ ಸದಾ ಉರಿಯುತ್ತಲೇ ಇರುತ್ತದೆ, ಕಪ್ಪು ಬೇಕೆಂದಾಗ ಆ ಬೆಳಕನ್ನು ಮುಂದೆ ಬಾರದಂತೆ ತಡೆಯಬೇಕು. ತಡೆಯುವುದು ಎರಡು ಪೋಲರೈಸರ್ ಹಾಳೆಗಳು. ಒಂದು ಅಡ್ಡಕ್ಕೆ ಕಂಪಿಸುವ ಬೆಳಕನ್ನಷ್ಟೇ ಬಿಡುತ್ತದೆ, ಇನ್ನೊಂದು ಲಂಬಕ್ಕೆ ಕಂಪಿಸುವುದನ್ನಷ್ಟೇ. ನಡುವಿನ ದ್ರವಸ್ಫಟಿಕ ಬೆಳಕನ್ನು ತಿರುಗಿಸಿಕೊಟ್ಟರೆ ಅದು ಹೊರಬರುತ್ತದೆ, ತಿರುಗಿಸದಿದ್ದರೆ ಎರಡನೇ ಹಾಳೆಯಲ್ಲಿ ಸಾಯುತ್ತದೆ.

ಈ ತಡೆ ಎಂದೂ ಪೂರ್ಣವಾಗಿರುವುದಿಲ್ಲ. ಐಪಿಎಸ್ ಎಂಬ ಬಗೆಯ ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಸುಮಾರು ಸಾವಿರದಲ್ಲಿ ಒಂದು ಪಾಲು ಬೆಳಕು ತಪ್ಪಿಸಿಕೊಳ್ಳುತ್ತದೆ. ವಿಎ ಎಂಬ ಬಗೆಯಲ್ಲಿ ಮೂರು ಸಾವಿರದಲ್ಲಿ ಒಂದು, ಕೆಲವದರಲ್ಲಿ ಇನ್ನೂ ಕಡಿಮೆ. ಹಾಗಾಗಿ 300 ನಿಟ್ ಪ್ರಕಾಶಕ್ಕೆ ಇಟ್ಟ ಐಪಿಎಸ್ ಪರದೆಯ "ಕಪ್ಪು" ನಿಜಕ್ಕೂ 0.3 ನಿಟ್‌ನ ಬೂದು. ಪರದೆಯಿಡೀ ಸಮನಾಗಿ ಹರಡಿದ ಈ ಮಂಕು ಬೆಳಕು ದೋಷವಲ್ಲ, ಎಲ್‌ಸಿಡಿಯ ಗುಣ. ತೊಂದರೆ ಶುರುವಾಗುವುದು ಅದು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಆದಾಗ.

ಮೊದಲ ತಲೆಮಾರಿನ ಎಲ್‌ಸಿಡಿ ಟಿವಿಗಳು ಹತ್ತು ಸೆಂಟಿಮೀಟರ್ ಆಸುಪಾಸು ದಪ್ಪವಿದ್ದವು. ಪರದೆಯ ಹಿಂದೆ ಸಣ್ಣ ಫ್ಲೋರೆಸೆಂಟ್ ಟ್ಯೂಬ್‌ಗಳು ಸಾಲಾಗಿರುತ್ತಿದ್ದವು, ಟ್ಯೂಬಿಗೂ ಪರದೆಗೂ ನಡುವೆ ಬೆಳಕು ಹರಡಿಕೊಳ್ಳಲು ಜಾಗವಿತ್ತು. ಚೌಕಟ್ಟು ಅಗಲ, ಲೋಹದ ತಗಡು ಗಟ್ಟಿ. ಆಗಲೂ ಮಚ್ಚೆಗಳಿದ್ದವು, ಆದರೆ ಅದೊಂದು ದೊಡ್ಡ ದೂರಾಗಿರಲಿಲ್ಲ.

2008ರಲ್ಲಿ ಸೋನಿ ತನ್ನ ಜೆಡ್‌ಎಕ್ಸ್1 ಟಿವಿಯನ್ನು 9.9 ಮಿಲಿಮೀಟರ್ ತೆಳುವಾಗಿ ಮಾಡಿ ತೋರಿಸಿತು. ಮರುವರ್ಷ ಸ್ಯಾಮ್‌ಸಂಗ್ ಸುಮಾರು ಮೂರು ಸೆಂಟಿಮೀಟರ್ ದಪ್ಪದ ಟಿವಿಗಳನ್ನು "ಎಲ್‌ಇಡಿ ಟಿವಿ" ಎಂಬ ಹೆಸರಲ್ಲಿ ಪೇಟೆಗೆ ಬಿಟ್ಟಿತು. ಎರಡರಲ್ಲೂ ದೀಪ ಹಿಂದಿನಿಂದ ಅಂಚಿಗೆ ಸರಿದಿತ್ತು. ಚೌಕಟ್ಟಿನ ಒಳಗೆ ಎಲ್‌ಇಡಿ ಪಟ್ಟಿ, ಅದರ ಮುಂದೆ ಪರದೆಯಷ್ಟೇ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಹಲಗೆ. ಅಂಚಿನಿಂದ ಹೊಕ್ಕ ಬೆಳಕನ್ನು ಆ ಹಲಗೆ ಪರದೆಯುದ್ದಕ್ಕೂ ಹಂಚಬೇಕು. ಗೋಡೆಗೆ ಅಂಟಿದಂತೆ ಕಾಣುವ ಟಿವಿ ಎಲ್ಲರಿಗೂ ಹಿಡಿಸಿತು, ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಮೂಲೆ ಬೆಳಗುವ ದೂರು ಮನೆಮನೆಗೆ ಬಂದದ್ದು ಇಲ್ಲಿಂದಾಚೆಗೆ. 2011ರ ಮಾರ್ಚ್‌ನಲ್ಲಿ ಐಪ್ಯಾಡ್ 2 ಬಂದಾಗ ಅದರ ಅಂಚುಗಳಲ್ಲಿ ಬೆಳಕು ಸೋರುವ ಫೋಟೋಗಳು ಹರಿದಾಡಿ, ಟಿವಿಯ ಗೋಜಿಗೆ ಹೋಗದವರಿಗೂ ವಿಷಯ ತಿಳಿಯಿತು.

ತೆಳುವಾದದ್ದರಿಂದ ಎರಡು ಬೇರೆಬೇರೆ ತೊಂದರೆಗಳು ಬಂದವು. ಒಂದು ನೇರವಾದ ಸೋರಿಕೆ. ಅಂಚಿನಲ್ಲಿ ಬೆಳಕು ಅತಿ ತೀಕ್ಷ್ಣ, ಅದನ್ನು ಮುಚ್ಚುವ ಚೌಕಟ್ಟು ಕೆಲವೇ ಮಿಲಿಮೀಟರ್ ಅಗಲ. ಹಲಗೆ, ಹಾಳೆ, ಚೌಕಟ್ಟು ಒಂದಕ್ಕೊಂದು ಸರಿಯಾಗಿ ಕೂರದಿದ್ದರೆ ಸಂದಿಯಿಂದ ಬೆಳಕು ಒಳಕ್ಕೆ ಚಾಚುತ್ತದೆ. ಮೂಲೆಯಿಂದ ಟಾರ್ಚ್ ಬಿಟ್ಟಂತೆ ಕಾಣುವುದು ಇದೇ.

ಇನ್ನೊಂದು, ಮೋಡದಂಥ ಮಚ್ಚೆ. ಇದು ಸೋರಿಕೆಯೇ ಅಲ್ಲ. ಇದರ ಕಾರಣವನ್ನು ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1815ರ ಸುಮಾರಿಗೇ ಕಂಡಿದ್ದರು: ಗಾಜನ್ನು ಒತ್ತಿದರೆ ಅಥವಾ ಬಾಗಿಸಿದರೆ, ಅದರ ಮೂಲಕ ಹಾಯುವ ಪೋಲರೈಸ್ ಆದ ಬೆಳಕಿನ ಸ್ಥಿತಿ ಬದಲಾಗುತ್ತದೆ. ಬರಿಗಣ್ಣಿಗೆ ಗಾಜು ಮೊದಲಿದ್ದಂತೆಯೇ ಕಾಣುತ್ತದೆ, ಎರಡು ಪೋಲರೈಸರ್‌ಗಳ ನಡುವೆ ಇಟ್ಟರೆ ಒತ್ತಡ ಬಿದ್ದ ಜಾಗ ಬೆಳಗುತ್ತದೆ. ಎಲ್‌ಸಿಡಿಯಲ್ಲಿ ಇರುವುದು ಅದೇ ಜೋಡಣೆ. ಟಿವಿಯ ಗಾಜು ಒಂದು ಮಿಲಿಮೀಟರಿಗಿಂತ ತೆಳು. ಒಂದು ಸ್ಕ್ರೂ ಹೆಚ್ಚು ಬಿಗಿಯಾಗಿ ಚೌಕಟ್ಟು ಅದುಮಿದರೂ, ಹಿಂದಿನ ತಗಡು ಸ್ವಲ್ಪ ತಿರುಚಿಕೊಂಡರೂ ಆ ಜಾಗದಲ್ಲಿ ತಡೆ ಸಡಿಲವಾಗಿ ಬೆಳಕು ಹೊರಬರುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಲ್ಯಾಪ್‌ಟಾಪಿನಲ್ಲಿ ಬಿಳಿ ಪುಟ ತೆರೆದು, ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣಿನ ಮುಂದೆ ಹಿಡಿದು, ಪರದೆ ಕಪ್ಪಾಗುವ ತನಕ ಕನ್ನಡಕವನ್ನು ನಿಧಾನವಾಗಿ ತಿರುಗಿಸಿ. ಈಗ ಮಗುವಿನ ಜಾಮಿಟ್ರಿ ಬಾಕ್ಸಿನ ಪಾರದರ್ಶಕ ಸ್ಕೇಲನ್ನು ಪರದೆಯ ಮುಂದೆ ಹಿಡಿಯಿರಿ. ಪರದೆ ಕಪ್ಪಾಗಿಯೇ ಇರುತ್ತದೆ, ಸ್ಕೇಲ್ ಮಾತ್ರ ಬಣ್ಣಬಣ್ಣದ ಪಟ್ಟೆಗಳಿಂದ ಹೊಳೆಯುತ್ತದೆ. ಅಚ್ಚಿನಲ್ಲಿ ಎರಕವಾಗುವಾಗ ಪ್ಲಾಸ್ಟಿಕ್ಕಿನೊಳಗೆ ಉಳಿದ ಬಿಗುವು ಅದು. ಸ್ಕೇಲನ್ನು ಬಾಗಿಸಿದರೆ ಪಟ್ಟೆಗಳು ಕಣ್ಣೆದುರೇ ಸರಿಯುತ್ತವೆ. ಟಿವಿಯ ಮಚ್ಚೆಗೂ ಕಾರಣ ಇದೇ ಬಿಗುವು, ಪ್ರಮಾಣ ಮಾತ್ರ ಬಹಳ ಕಡಿಮೆ.

ಮಚ್ಚೆ ಕೆಲವೊಮ್ಮೆ ಟಿವಿ ಹಾಕಿದ ಹೊಸತರಲ್ಲಿ ಒಂದು ರೀತಿ, ಗಂಟೆ ಕಳೆದ ಮೇಲೆ ಇನ್ನೊಂದು ರೀತಿ ಇರುವುದೂ ಇದರಿಂದಲೇ. 55 ಇಂಚಿನ ಪರದೆ ಸುಮಾರು 122 ಸೆಂಟಿಮೀಟರ್ ಅಗಲ. ಒಳಗೆ 20 ಡಿಗ್ರಿ ಬಿಸಿ ಏರಿತೆನ್ನಿ. ಆ ಅಗಲದ ಅಲ್ಯೂಮಿನಿಯಂ ಚೌಕಟ್ಟು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ, ಗಾಜು ಅದರ ಏಳರಲ್ಲಿ ಒಂದು ಪಾಲಷ್ಟೇ. ಗಾಜಿಗೆ ಜರುಗಲು ಜಾಗ ಬಿಟ್ಟಿದ್ದರೆ ಸರಿ, ಎಲ್ಲೋ ಒಂದು ಕಡೆ ಸಿಕ್ಕಿಕೊಂಡರೆ ಅಲ್ಲಿ ಒತ್ತಡ. ಪೋಲರೈಸರ್ ಹಾಳೆಯೂ ಬಿಸಿ ಮತ್ತು ತೇವಕ್ಕೆ ಕುಗ್ಗಿ ಮೂಲೆಗಳನ್ನು ಎಳೆಯಬಲ್ಲದು. ಮೊದಲು ಇಲ್ಲದ ಮಚ್ಚೆ ವರ್ಷಗಳ ಮೇಲೆ ಕಾಣಿಸಿಕೊಳ್ಳಲು ಇದೊಂದು ಕಾರಣ.

ಮೂರನೆಯದೊಂದಿದೆ, ಹೆಚ್ಚು ಗೊಂದಲ ಹುಟ್ಟಿಸುವುದೂ ಅದೇ. ಐಪಿಎಸ್ ತಂತ್ರವನ್ನು ಹಿಟಾಚಿ 1996ರ ಹೊತ್ತಿಗೆ ಮಾರುಕಟ್ಟೆಗೆ ತಂದದ್ದು ಓರೆಯಿಂದ ನೋಡಿದರೂ ಬಣ್ಣ ಕೆಡಬಾರದೆಂದು. ಬಣ್ಣ ಕೆಡುವುದು ನಿಂತಿತು, ಕಪ್ಪು ಮಾತ್ರ ಓರೆಯಿಂದ ಬೆಳ್ಳಗಾಗುತ್ತದೆ. ಅಡ್ಡ-ಲಂಬ ಇಟ್ಟ ಎರಡು ಹಾಳೆಗಳನ್ನು ಕರ್ಣದ ದಿಕ್ಕಿನಿಂದ ಓರೆಯಾಗಿ ನೋಡಿದಾಗ, ಕಣ್ಣಿನ ಮಟ್ಟಿಗೆ ಅವುಗಳ ನಡುವೆ 90 ಡಿಗ್ರಿ ಉಳಿಯುವುದಿಲ್ಲ. ಪರದೆಯ ನಾಲ್ಕು ಮೂಲೆಗಳೂ ಇರುವುದು ಕರ್ಣದ ದಿಕ್ಕಿನಲ್ಲೇ. ಹಾಗಾಗಿ ನೆಟ್ಟಗೆ ಎದುರು ಕೂತರೂ ಮೂಲೆ ನಮಗೆ ಓರೆಯಾಗಿಯೇ ಕಂಡು ಮಂಕಾಗಿ ಬೆಳಗುತ್ತದೆ. ಇದು ಪೂರ್ತಿ ನಾರ್ಮಲ್. ಪ್ಯಾನೆಲ್ ಬದಲಿಸಿದರೂ ಹೋಗುವುದಿಲ್ಲ.

ನನ್ನ ಮೇಜಿನ ಮೇಲಿರುವ 27 ಇಂಚಿನ ಐಪಿಎಸ್ ಮಾನಿಟರ್ ಮೇಲೆ ಈ ಮೂರನ್ನೂ ಬೇರ್ಪಡಿಸಿ ನೋಡೋಣ. ಪ್ರಕಾಶ ದಿನನಿತ್ಯದ ಮಟ್ಟದಲ್ಲೇ ಇರಲಿ. ಡೈನಾಮಿಕ್ ಕಾಂಟ್ರಾಸ್ಟ್ ಆಫ್ ಮಾಡಬೇಕು, ಇಲ್ಲದಿದ್ದರೆ ಕಪ್ಪು ಬಂದೊಡನೆ ಅದು ದೀಪವನ್ನೇ ತಗ್ಗಿಸಿ ಮಚ್ಚೆಯನ್ನು ಅಡಗಿಸುತ್ತದೆ. ಅರ್ಧ ಗಂಟೆ ಉರಿಯಲು ಬಿಟ್ಟು, ಕೋಣೆ ಕತ್ತಲು ಮಾಡಿ, ಪರದೆ ತುಂಬ ಕಪ್ಪು ಚಿತ್ರ ಹಾಕಿದೆ. 60 ಸೆಂಟಿಮೀಟರ್ ದೂರದಿಂದ ಕೆಳಗಿನ ಎರಡೂ ಮೂಲೆಗಳಲ್ಲಿ ಹಳದಿ ಛಾಯೆಯ ಹೊಳಪು, ಮೇಲೆ ಎಡಗಡೆ ಅಂಗೈಯಗಲದ ಬಿಳಿಚು ಮಚ್ಚೆ. ಅಷ್ಟು ಹತ್ತಿರದಿಂದ ಮೂಲೆಯನ್ನು ನಾನು ಸುಮಾರು 30 ಡಿಗ್ರಿ ಓರೆಯಲ್ಲಿ ನೋಡುತ್ತಿರುತ್ತೇನೆ. ಕುರ್ಚಿಯನ್ನು 120 ಸೆಂಟಿಮೀಟರ್ ದೂರಕ್ಕೆ ಎಳೆದರೆ ಓರೆ 16 ಡಿಗ್ರಿಗೆ ಇಳಿಯುತ್ತದೆ. ಕೆಳಗಿನ ಹೊಳಪು ಬಹುಪಾಲು ಮಾಯವಾಯಿತು, ತಲೆಯನ್ನು ಬಲಕ್ಕೆ ಸರಿಸಿದರೆ ಅದೂ ಜಾಗ ಬದಲಿಸಿತು. ಅಂದರೆ ಅದು ಓರೆನೋಟದ ಹೊಳಪು. ಮೇಲಿನ ಮಚ್ಚೆ ಕದಲಲಿಲ್ಲ, ಎಲ್ಲಿಂದ ನೋಡಿದರೂ ಅಲ್ಲೇ. ಅದು ಗಾಜಿನ ಮೇಲಿನ ಒತ್ತಡ.

ಕದಲದ ಮಚ್ಚೆಯೆಲ್ಲ ದೋಷವೇ? ಅಲ್ಲ. ಎಷ್ಟು ಬೆಳಕಿನಲ್ಲಿ ನೋಡುತ್ತೇವೆ ಎಂಬುದು ಇಲ್ಲಿ ಮುಖ್ಯ. ಟ್ಯೂಬ್‌ಲೈಟ್ ಉರಿಯುವ ಸಾಧಾರಣ ಹಾಲ್‌ನಲ್ಲಿ ಪರದೆಯ ಮೇಲೆ 100 ಲಕ್ಸ್ ಬೆಳಕು ಬಿತ್ತೆನ್ನಿ, ಪರದೆ ಅದರಲ್ಲಿ ನೂರಕ್ಕೆ ಒಂದು ಪಾಲನ್ನು ಚದುರಿಸಿ ಹಿಂದಕ್ಕೆ ಕಳಿಸಿದರೂ ಸುಮಾರು 0.3 ನಿಟ್ ಆಗುತ್ತದೆ. ಪ್ಯಾನೆಲ್‌ನ ಸ್ವಂತ ಕಪ್ಪಿನಷ್ಟೇ. ಮಚ್ಚೆ ಅದರಲ್ಲಿ ಕರಗಿಹೋಗುತ್ತದೆ. ಟಿವಿಯ ಹಿಂದಿನ ಗೋಡೆಗೆ ಮಂದ ದೀಪ ಹಾಕಿದರೂ ಸಾಕಷ್ಟು ಕಡಿಮೆ ಕಾಣುತ್ತದೆ, ಬ್ಯಾಕ್‌ಲೈಟ್ ತಗ್ಗಿಸಿದರೆ ಇನ್ನೂ ಕಡಿಮೆ. ಪೂರ್ತಿ ಕತ್ತಲಲ್ಲಿ, ಕಪ್ಪು ಪರದೆಯಲ್ಲಷ್ಟೇ ಕಂಡರೆ ಅದನ್ನು ಬಿಟ್ಟುಬಿಡಬಹುದು. ಸಿನಿಮಾದ ರಾತ್ರಿ ದೃಶ್ಯದಲ್ಲಿ, ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿಯಲ್ಲಿ, ಮಂದ ದೀಪ ಇರುವಾಗಲೂ ಕಣ್ಣು ಅಲ್ಲಿಗೇ ಹೋಗುತ್ತಿದ್ದರೆ ಬದಲಿಸಿಕೊಡಿ ಎಂದು ಕೇಳುವುದು ನ್ಯಾಯ. ಮೂಲೆಯಿಂದ ಒಳಕ್ಕೆ ಚಾಚುವ ಟಾರ್ಚ್‌ನಂಥ ಕಿರಣವನ್ನಂತೂ ನಾನು ಒಪ್ಪಿಕೊಳ್ಳುವುದಿಲ್ಲ.

ಕೇಳುವಾಗ ಒಂದು ತೊಡಕಿದೆ. ಕೆಟ್ಟ ಪಿಕ್ಸೆಲ್‌ಗಳಿಗೆ 2001ರ ಐಎಸ್‌ಒ 13406-2 ಮಾನದಂಡ ದರ್ಜೆಗಳನ್ನು ಹಾಕಿಕೊಟ್ಟಿತು. ಎರಡನೇ ದರ್ಜೆಯ ಪರದೆಯಲ್ಲಿ ಹತ್ತು ಲಕ್ಷ ಪಿಕ್ಸೆಲ್‌ಗೆ ಸದಾ ಉರಿಯುವಂಥವು ಎರಡು, ಸದಾ ಆರಿರುವಂಥವು ಎರಡು ಇರಬಹುದು ಎಂಬಂತೆ. ಚುಕ್ಕೆಯನ್ನು ಎಣಿಸಬಹುದು, ಮೋಡಕ್ಕೆ ಅಂಚೇ ಇಲ್ಲ. ಹಾಗಾಗಿ ತೀರ್ಮಾನ ಬಹುಮಟ್ಟಿಗೆ ಬಂದು ನೋಡುವವರ ಕೈಯಲ್ಲೇ ಉಳಿದಿದೆ. ಫೋಟೋ ಕಳಿಸುವುದಾದರೆ ಎಚ್ಚರ ಬೇಕು: ಕತ್ತಲಲ್ಲಿ ಮೊಬೈಲ್ ಕ್ಯಾಮೆರಾ ಎಕ್ಸ್‌ಪೋಷರ್ ಏರಿಸಿ ಎಂಥ ಒಳ್ಳೆಯ ಪ್ಯಾನೆಲನ್ನೂ ಹಾಳಾದಂತೆ ತೋರಿಸುತ್ತದೆ. ಕಣ್ಣಿಗೆ ಕಂಡಷ್ಟೇ ಕಾಣುವಂತೆ ಎಕ್ಸ್‌ಪೋಷರ್ ಇಳಿಸಿ, ಕೂರುವ ದೂರದಿಂದ ಒಂದು, ಅಷ್ಟೇ ದೂರದಲ್ಲಿ ಪಕ್ಕಕ್ಕೆ ಸರಿದು ಇನ್ನೊಂದು ತೆಗೆಯಿರಿ. ಎರಡರಲ್ಲೂ ಮಚ್ಚೆ ಒಂದೇ ಜಾಗದಲ್ಲಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಅಂಗಡಿಯವರ ರಿಪ್ಲೇಸ್‌ಮೆಂಟ್ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿ.

ಸ್ಕ್ರೂ ಸಡಿಲಿಸಿ, ಬಟ್ಟೆಯಿಂದ ಗಾಜು ಉಜ್ಜಿ ಮಚ್ಚೆ ಹೋಗಿಸಿಕೊಂಡವರಿದ್ದಾರೆ. ಒತ್ತಡವೇ ಕಾರಣವಾದ್ದರಿಂದ ಅದು ಸುಳ್ಳೇನಲ್ಲ. ಆದರೆ ಬಿಚ್ಚಿದರೆ ವಾರಂಟಿ ಹೋಗಬಹುದು, ಜೋರಾಗಿ ಒತ್ತಿದರೆ ಗಾಜೇ ಸೀಳಬಹುದು. ಅದಕ್ಕಿಂತ ಮುಖ್ಯ, ಟಿವಿಯನ್ನು ಆಟೋದಲ್ಲಾಗಲಿ ಗೂಡ್ಸ್ ಗಾಡಿಯಲ್ಲಾಗಲಿ ಮಲಗಿಸಿ ಸಾಗಿಸಬಾರದು. ಮಲಗಿಸಿದಾಗ ಗಾಜಿನ ನಡುಭಾಗ ತನ್ನ ಭಾರಕ್ಕೇ ಜೋತು, ಪ್ರತಿ ಕುಲುಕಿಗೂ ಬಾಗುತ್ತದೆ.

ಈಚೆಗೆ ಎಲ್‌ಇಡಿ ಮತ್ತೆ ಪರದೆಯ ಹಿಂದಕ್ಕೆ ಬಂದಿದೆ. 2021ರ 12.9 ಇಂಚಿನ ಐಪ್ಯಾಡ್ ಪ್ರೊದಲ್ಲಿ ಹಿಂದಿನ ದೀಪ 2,596 ಭಾಗಗಳಾಗಿ ಬೇರೆಬೇರೆಯಾಗಿ ಆರುತ್ತದೆ. ಕಪ್ಪಿರುವಲ್ಲಿ ದೀಪವೇ ಆರುವುದರಿಂದ ಮೂಲೆಯ ಮಚ್ಚೆ ಅಡಗುತ್ತದೆ, ಬದಲಿಗೆ ಕಪ್ಪಿನ ಮೇಲಿನ ಬಿಳಿ ಸಬ್‌ಟೈಟಲ್ ಸುತ್ತ ಮಸುಕು ಪ್ರಭೆ ಕಾಣುತ್ತದೆ. ಅದೂ ಆ ತಂತ್ರದ ಗುಣವೇ, ದೋಷವಲ್ಲ. ಓಎಲ್‌ಇಡಿಯಲ್ಲಿ ಬ್ಯಾಕ್‌ಲೈಟ್ ಇಲ್ಲದ್ದರಿಂದ ಪೂರ್ತಿ ಕಪ್ಪಿನಲ್ಲಿ ಯಾವ ಬೆಳಕೂ ಸೋರುವುದಿಲ್ಲ. ಅದನ್ನು ಪರೀಕ್ಷಿಸುವವರು ಕಪ್ಪಿನ ಬದಲು ನೂರಕ್ಕೆ ಐದರಷ್ಟು ಬೂದು ಚಿತ್ರ ಹಾಕಿ ನೋಡಬೇಕು, ಅಸಮತೆ ಇದ್ದರೆ ನಿಲುವು ಪಟ್ಟೆಗಳಾಗಿ ಅಲ್ಲಿ ಕಾಣಿಸುತ್ತದೆ.